ಟ್ಯೂಬ್‌ನಿಂದ ಟ್ಯೂಬ್‌ಲೆಸ್‌ಗೆ: ಮೋಟಾರ್‌ಸೈಕಲ್ ಚಕ್ರ ಮತ್ತು ದಾರಿಯ ಪಂಚರ್

ಟ್ಯೂಬ್‌ಲೆಸ್ ಟೈರಿಗೆ ಪಂಚರ್ ಆಗುವುದೇ ಇಲ್ಲವೆಂಬ ನಂಬಿಕೆ ಸವಾರರಲ್ಲಿ ಬೇರೂರಿರುವುದರಿಂದ, ಈ ಎರಡು ಬಗೆಯ ಚಕ್ರಗಳು ಹೇಗೆ ಬೆಳೆದುಬಂದವು, ಮೊಳೆ ಚುಚ್ಚಿದಾಗ ಒಂದೊಂದೂ ಹೇಗೆ ವರ್ತಿಸುತ್ತದೆ ಎಂಬುದನ್ನು ಒಮ್ಮೆ ಕ್ರಮವಾಗಿ ನೋಡುವ ಅಗತ್ಯವಿದೆ.

1888ರಲ್ಲಿ ಡನ್‌ಲಪ್ ಬೆಲ್‌ಫಾಸ್ಟ್‌ನಲ್ಲಿ ಸೈಕಲ್ಲಿಗೆ ರೂಪಿಸಿದ ಗಾಳಿಯ ಟೈರು, 1947ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿ ಹೊರತಂದ ಟ್ಯೂಬ್ ಇಲ್ಲದ ಟೈರು, 1950ರ ದಶಕದಲ್ಲಿ ಕಾರುಗಳು ಅದನ್ನು ಒಪ್ಪಿಕೊಂಡದ್ದು, ಇವೆಲ್ಲ ಹಲವೆಡೆ ಬರೆಯಲ್ಪಟ್ಟಿರುವ ಸಂಗತಿಗಳು. ಮೋಟಾರ್‌ಸೈಕಲ್ ಮಾತ್ರ ದಶಕಗಳ ಕಾಲ ಹಿಂದೆ ಉಳಿದುದಕ್ಕೆ ಕಾರಣ ಟೈರಲ್ಲ, ಚಕ್ರ. ಸ್ಪೋಕ್ ಚಕ್ರದ ರಿಮ್ಮಿನಲ್ಲಿ ಪ್ರತಿ ಸ್ಪೋಕ್‌ಗೂ ಒಂದು ತೂತಿದ್ದು, ಅಲ್ಲೆಲ್ಲ ಗಾಳಿ ಸೋರುವುದರಿಂದ ಗಾಳಿಯನ್ನು ಹಿಡಿದಿಡಲು ಒಳಗೊಂದು ಟ್ಯೂಬ್ ಬೇಕೇಬೇಕು. 1970ರ ದಶಕದಿಂದ ಎರಕದ ಅಲಾಯ್ ಚಕ್ರಗಳು ಹರಡಿದಾಗ ಈ ತೊಡಕು ಬಗೆಹರಿಯಿತು. 1987ರಲ್ಲಿ ಬಿಎಂಡಬ್ಲ್ಯು ತನ್ನ ಆರ್ 100 ಜಿಎಸ್ ಗಾಡಿಯಲ್ಲಿ ಸ್ಪೋಕ್‌ಗಳನ್ನು ರಿಮ್ಮಿನ ಅಂಚಿಗೆ ಕೊಂಡೊಯ್ದು, ಸ್ಪೋಕ್ ಚಕ್ರವನ್ನೂ ಟ್ಯೂಬ್‌ಲೆಸ್ ಮಾಡಿತು. ಭಾರತದಲ್ಲಿ ಈ ಪಾಠ ನಿಧಾನವಾಗಿ ಬಂತು: 2023ರಲ್ಲಿ ಬಂದ ಹಿಮಾಲಯನ್ 450 ಕೂಡ ಮೊದಲು ಟ್ಯೂಬ್ ಟೈರಿನೊಂದಿಗೇ ರಸ್ತೆಗಿಳಿದು, ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಆಮೇಲೆ ಆಯ್ಕೆಯಾಗಿ ದೊರೆಯಿತು.

ಎರಡರ ನಿಜವಾದ ವ್ಯತ್ಯಾಸ ಗಾಳಿ ಹೊರಹೋಗುವ ದಾರಿಯಲ್ಲಿದೆ. ಟ್ಯೂಬಿಗೆ ಮೊಳೆ ಚುಚ್ಚಿದರೆ ಟೈರಿನ ಒಳಗೆ ಹರಡಿದ ಗಾಳಿ ವಾಲ್ವ್‌ನ ತೂತು ಹಾಗೂ ಸ್ಪೋಕ್‌ಗಳ ತೂತುಗಳಿಂದ ಸರಾಗವಾಗಿ ಹೊರಬರುತ್ತದೆ, ಉರುಳುತ್ತಿರುವಾಗ ಮೊಳೆ ಅಲುಗಾಡಿ ಟ್ಯೂಬಿನ ಗಾಯ ದೊಡ್ಡದಾಗುತ್ತದೆ, ಆದ್ದರಿಂದ ಗಾಡಿ ಕೆಲವೇ ಕ್ಷಣಗಳಲ್ಲಿ ಓಲಾಡತೊಡಗುವುದುಂಟು. ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಗಾಳಿ ನುಸುಳದ ರಬ್ಬರಿನ ಪದರವಿದ್ದು, ಅದು ಮೊಳೆಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಗಾಳಿ ಮೆಲ್ಲನೆ ಇಳಿಯುತ್ತದೆ. ಪಂಚರ್ ಆಗಿಯೇ ಇಲ್ಲವೆಂಬ ಭ್ರಮೆ ಹುಟ್ಟಿದ್ದು ಈ ನಿಧಾನದಿಂದಲೇ.

ದುರಸ್ತಿಯಲ್ಲೂ ಎರಡಕ್ಕೂ ವ್ಯತ್ಯಾಸವಿದೆ. ಟ್ಯೂಬ್ ಪಂಚರ್ ಹಾಕಲು ಚಕ್ರ ಬಿಚ್ಚಿ, ಲಿವರ್‌ನಿಂದ ಟೈರಿನ ಅಂಚನ್ನು ಎಬ್ಬಿಸಿ, ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುವ ಜಾಗ ಗುರುತಿಸಿ, ಉಜ್ಜಿ, ಸಲ್ಯೂಷನ್ ಬಳಿದು ಪ್ಯಾಚ್ ಅಂಟಿಸಬೇಕು. ಅನುಭವಿ ಪಂಚರ್ ಅಂಗಡಿಯವರು ಟ್ಯೂಬನ್ನು ಮತ್ತೆ ಹಾಕುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ತಡವುತ್ತಾರೆ. ಮುರಿದ ಮೊಳೆ ಅಲ್ಲೇ ಉಳಿದಿದ್ದರೆ ಹೊಸ ಪ್ಯಾಚಿನ ಪಕ್ಕದಲ್ಲೇ ಮತ್ತೊಂದು ತೂತು ಬೀಳುತ್ತದೆ. ಈ ಕುಶಲತೆಯ ಬಗ್ಗೆ ಬರೆದವರು ಕಡಿಮೆ.

ಟ್ಯೂಬ್‌ಲೆಸ್ ಹಿಂಚಕ್ರಕ್ಕೆ ಊರಿಂದ ದೂರ ಮೊಳೆ ಹೊಕ್ಕಿದೆ ಎಂದಿಟ್ಟುಕೊಳ್ಳೋಣ. ಹತ್ತಿರದಲ್ಲಿ ಅಂಗಡಿಯಿದ್ದು ಗಾಳಿ ಮೆಲ್ಲನೆ ಇಳಿಯುತ್ತಿದ್ದರೆ, ಮೊಳೆ ಕೀಳದೆ ಗಾಳಿ ತುಂಬಿಸಿಕೊಂಡು ಸಾಗುವುದೇ ಜಾಣತನ. ಅಂಗಡಿಯಿಲ್ಲದಿದ್ದರೆ ಚಕ್ರ ಬಿಚ್ಚಬೇಕಿಲ್ಲ: ಇಕ್ಕಳದಿಂದ ಮೊಳೆಯನ್ನು ಎಳೆಯುವಾಗ ಅದು ಯಾವ ಓರೆಯಲ್ಲಿ ಹೊಕ್ಕಿತ್ತೆಂದು ಗಮನಿಸಿ, ಅದೇ ಓರೆಯಲ್ಲಿ ಪಂಚರ್ ಕಿಟ್‌ನ ಒರಟು ಸೂಜಿಯನ್ನು ಆಡಿಸಿ ತೂತನ್ನು ಸಮ ಮಾಡಬೇಕು, ಬಳಿಕ ಅಂಟಿನ ಸ್ಟ್ರಿಪ್ಪನ್ನು ಕಣ್ಣಿನ ಸೂಜಿಗೆ ಮಧ್ಯಕ್ಕೆ ಪೋಣಿಸಿ, ಎರಡು ತುದಿಗಳು ಹೊರಗೆ ಸ್ವಲ್ಪ ಉಳಿಯುವಂತೆ ಒಳಕ್ಕೆ ಒತ್ತಿ, ಸೂಜಿಯನ್ನು ಒಂದೇ ಸಲಕ್ಕೆ ಎಳೆಯಬೇಕು. ಗಾಳಿ ತುಂಬಿ ಸೋಪಿನ ನೀರು ಹಚ್ಚಿದಾಗ ಗುಳ್ಳೆ ಏಳದಿದ್ದರೆ ಕೆಲಸವಾಯಿತು. ಗಾಳಿ ತುಂಬುವ ಪಂಪ್ ಇಲ್ಲದವನಿಗೆ ಮಾತ್ರ ಈ ಕಿಟ್ ಅರ್ಧ ಉಪಾಯ.

ಆದರೆ ಸ್ಟ್ರಿಪ್ ಹಾಕಿದೊಡನೆ ಪ್ರಕರಣ ಮುಗಿಯಿತೆಂದುಕೊಳ್ಳುವುದು ಈಗಿನ ಫ್ಯಾಷನ್. ಸ್ಟ್ರಿಪ್ ನೆಲಕ್ಕೆ ತಾಗುವ ಭಾಗದ ಸಣ್ಣ ತೂತಿಗೆ ಮಾತ್ರ ಸಲ್ಲುತ್ತದೆ, ಪಕ್ಕದ ಗೋಡೆ ಸೀಳಿದ್ದರೆ ಟೈರನ್ನೇ ಬದಲಿಸಬೇಕು. ಗಾಳಿ ಇಳಿದ ಮೇಲೂ ಗಾಡಿ ಓಡಿಸಿದ್ದರೆ ಟೈರಿನ ಒಳಗೋಡೆ ನುಗ್ಗಾಗಿರಬಹುದು, ಅದು ಹೊರಗಿನಿಂದ ಕಾಣುವುದಿಲ್ಲ. ಟೈರು ಬಿಚ್ಚಿ ಒಳಗೆ ನೋಡಿ, ಒಳಗಿನಿಂದಲೇ ಪ್ಯಾಚ್ ಹಾಕುವುದು ಸರಿಯಾದ ವಿಧಾನ. ಅಲಾಯ್ ರಿಮ್ಮಿಗೆ ಗೀರು ಬೀಳದಂತೆ ಟೈರು ಬಿಚ್ಚುವ ಯಂತ್ರ ಹಲವು ರಸ್ತೆಬದಿಯ ಅಂಗಡಿಗಳಲ್ಲಿ ಇಲ್ಲದ್ದರಿಂದ ಆ ವಿಧಾನ ಬಳಕೆಗೆ ಬರುತ್ತಿಲ್ಲ. ಗಾಡಿ ಮಾರುವವರು ಇದನ್ನು ಹೇಳುವುದೂ ವಿರಳ.

ಹೊಂಡಕ್ಕೆ ಬಡಿದು ರಿಮ್ ಬಾಗಿದಾಗ ಅಂಚಿನಿಂದ ಗಾಳಿ ಸೋರುತ್ತದೆ, ಆಗ ಖರ್ಚು ಉಳಿಸಲು ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ತುರುಕಿಸುವುದುಂಟು. ಹಳೆಯ ಗಾಡಿ ಕೊಳ್ಳುವವರು ಇದನ್ನು ಕೇಳಿ ತಿಳಿದುಕೊಳ್ಳಬೇಕು: ಅಂಥ ಚಕ್ರ ಹೆಸರಿಗಷ್ಟೇ ಟ್ಯೂಬ್‌ಲೆಸ್, ಅದರಲ್ಲಿ ಮೊಳೆ ಹೊಕ್ಕರೆ ಸ್ಟ್ರಿಪ್ ಕಿಟ್ ಕೆಲಸಕ್ಕೆ ಬರುವುದಿಲ್ಲ.