‘ಗುಡ್’ ಎಂದರೆ ಎಷ್ಟು? ಕಾರ್ಯಮೌಲ್ಯಮಾಪನದ ಸಿದ್ಧವಾಕ್ಯಗಳನ್ನು ಓದುವ ಬಗೆ

ನೌಕರನ ವಾರ್ಷಿಕ ಮೌಲ್ಯಮಾಪನದಲ್ಲಿ ಎರಡು ಸಂಗತಿಗಳಿರುತ್ತವೆ: ಮೇಲಧಿಕಾರಿ ಬರೆದ ಮಾತು ಮತ್ತು ಆ ಮಾತಿನ ಹಿಂದಿರುವ ದರ್ಜೆ. ಮಾತು ನೌಕರನ ಕಣ್ಣಿಗೆ, ದರ್ಜೆ ಬಡ್ತಿ ಸಮಿತಿಗೆ ಅಥವಾ ಸಂಬಳದ ಲೆಕ್ಕಕ್ಕೆ. ಎರಡೂ ಸದಾ ಒಂದನ್ನೇ ಹೇಳುವುದಿಲ್ಲ. ಬರೆದ ಮಾತಿನಿಂದ ನಿಜವಾದ ದರ್ಜೆಯನ್ನು ಊಹಿಸುವ ಅಭ್ಯಾಸ ಈ ಅಂತರದಿಂದಲೇ ಹುಟ್ಟಿದೆ. ಬೆಂಗಳೂರಿನ ಶ್ರೀನಗರ, ಹನುಮಂತನಗರ, ಬನಶಂಕರಿಯಂಥ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಇದರ ಎರಡು ಪಾಠಗಳು ಒಂದೇ ಸೂರಿನಡಿ ಸಿಗುತ್ತವೆ. ನಿವೃತ್ತ ತಂದೆ ಕಚೇರಿಯ ‘ಸಿಆರ್’ ಕಾಲದವರು. ಮಗಳು ಸಾಫ್ಟ್‌ವೇರ್ ಕಂಪನಿಯ ‘ಅಪ್ರೈಸಲ್’ ಕಾಲದವಳು. ಪದಗಳು ಬದಲಾಗಿವೆ, ಓದಬೇಕಾದ ಕ್ರಮ ಹೆಚ್ಚು ಬದಲಾಗಿಲ್ಲ.

ಸರ್ಕಾರಿ ಸೇವೆಯಲ್ಲಿ ಬಹುಕಾಲ ನಡೆದದ್ದು ವಾರ್ಷಿಕ ಗೋಪ್ಯ ವರದಿ. ನೇರ ಮೇಲಧಿಕಾರಿ ಬರೆಯುತ್ತಿದ್ದರು, ಅವರ ಮೇಲಿನವರು ಅದನ್ನು ಪರಿಶೀಲಿಸುತ್ತಿದ್ದರು, ನೌಕರ ನೋಡುವಂತಿರಲಿಲ್ಲ. ‘ಪ್ರತಿಕೂಲ’ ಎನಿಸುವ ಷರಾ ಇದ್ದರೆ ಮಾತ್ರ ಅದನ್ನು ನೌಕರನಿಗೆ ತಿಳಿಸಬೇಕಿತ್ತು. ತಿಳಿಸದ ಪ್ರತಿಕೂಲ ಷರಾವನ್ನು ನೆಪ ಮಾಡಿಕೊಂಡು ಬಡ್ತಿ ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1979ರಲ್ಲಿ ಗುರ್ದಿಯಾಲ್ ಸಿಂಗ್ ಫಿಜ್ಜಿ ಪ್ರಕರಣದಲ್ಲಿ ಹೇಳಿತು. ಆದರೆ ಈ ನಿಯಮಕ್ಕೆ ಒಂದು ಅಡ್ಡಪರಿಣಾಮವಿತ್ತು. ಕೆಟ್ಟದ್ದನ್ನು ಬರೆದರೆ ತಿಳಿಸಬೇಕು, ನೌಕರನ ಮನವಿಗೆ ಉತ್ತರಿಸಬೇಕು, ಕಡತ ಬೆಳೆಯುತ್ತದೆ. ಸಾಧಾರಣ ಹೊಗಳಿಕೆಯಂತೆ ಕಾಣುವ ಪದ ಬರೆದರೆ ಯಾವ ತಂಟೆಯೂ ಇಲ್ಲ. ಹಾನಿ ಮಾಡಬೇಕಿದ್ದರೂ ಗದ್ದಲ ಬೇಡವೆನ್ನುವ ಅಧಿಕಾರಿಗೆ ‘ಒಳ್ಳೆಯದು’, ‘ತೃಪ್ತಿಕರ’ ಎಂಬ ಪದಗಳು ಬಹಳ ಅನುಕೂಲವಾಗಿದ್ದವು.

ಬರೆಯದೆ ಬಿಟ್ಟ ಜಾಗವೂ ಮಾತಾಡುತ್ತಿತ್ತು. ಕೇಂದ್ರ ಸರ್ಕಾರದ ಸೂಚನೆಯ ಪ್ರಕಾರ, ಅಧಿಕಾರಿಯ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲದಿದ್ದರೆ ಆ ಅಂಕಣದಲ್ಲಿ ಹಾಗೆಂದು ಬರೆಯಬೇಕು. ಸಂಶಯವಿದ್ದರೆ ಅಂಕಣವನ್ನು ಖಾಲಿ ಬಿಟ್ಟು, ಬೇರೆಯೇ ಒಂದು ರಹಸ್ಯ ಟಿಪ್ಪಣಿ ಬರೆದು ಮುಂದಿನ ವಿಚಾರಣೆಗೆ ಕಳಿಸಬೇಕು. ಉಳಿದೆಲ್ಲ ಅಂಕಣಗಳಲ್ಲಿ ಪ್ರಶಂಸೆ ತುಂಬಿದ್ದು ಇದೊಂದು ಖಾಲಿ ಇದ್ದರೆ, ಬಲ್ಲವರು ಮೊದಲು ನೋಡುತ್ತಿದ್ದುದು ಅದನ್ನೇ.

ಪದದ ಬೆಲೆ ಪದದಲ್ಲಿಲ್ಲ, ಅದು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದರಲ್ಲಿದೆ ಎಂಬ ಮಾತು ನ್ಯಾಯಾಲಯದಲ್ಲಿ ಹಂತಹಂತವಾಗಿ ಸ್ಥಾಪಿತವಾಯಿತು. 1996ರಲ್ಲಿ ಉತ್ತರ ಪ್ರದೇಶ ಜಲ ನಿಗಮದ ಪ್ರಕರಣ ಬಂತು. ಹಿಂದಿನ ವರ್ಷ ‘ಅತ್ಯುತ್ಕೃಷ್ಟ’ ಪಡೆದವನಿಗೆ ಈ ವರ್ಷ ‘ತೃಪ್ತಿಕರ’ ಎಂದು ಬರೆದರೆ, ಪದ ಸೌಮ್ಯವಾಗಿದ್ದರೂ ಇಳಿಕೆಯೇ ಪ್ರತಿಕೂಲವಾಗಬಹುದು, ಅದಕ್ಕೆ ಕಾರಣ ದಾಖಲಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇನ್ನೂ ಸ್ಪಷ್ಟವಾದದ್ದು 2008ರ ಮೇ 12ರಂದು ಬಂದ ದೇವ್ ದತ್ ಪ್ರಕರಣದ ತೀರ್ಪು.

ದೇವ್ ದತ್ ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿ ಕಾರ್ಯಪಾಲಕ ಎಂಜಿನಿಯರ್. ಅಧೀಕ್ಷಕ ಎಂಜಿನಿಯರ್ ಹುದ್ದೆಗೆ ಬಡ್ತಿ ಪಡೆಯಲು ಹಿಂದಿನ ಐದೂ ವರ್ಷ ‘ವೆರಿ ಗುಡ್’ ಇರಬೇಕೆಂಬುದು ಅಲ್ಲಿನ ಮಾನದಂಡ. 1993–94ರ ವರದಿಯಲ್ಲಿ ಅವರಿಗೆ ಸಿಕ್ಕದ್ದು ‘ಗುಡ್’. ಅದು ಪ್ರತಿಕೂಲ ಷರಾ ಅಲ್ಲವೆಂದು ಅವರಿಗೆ ತಿಳಿಸಲೇ ಇಲ್ಲ. ಅದೇ ಕಾರಣಕ್ಕೆ ಬಡ್ತಿ ತಪ್ಪಿತು. ಷರಾದ ಹೆಸರಲ್ಲ, ಅದರ ಪರಿಣಾಮ ಮುಖ್ಯ ಎಂದು ನ್ಯಾಯಪೀಠ ತೀರ್ಮಾನಿಸಿತು. ಮಾನದಂಡ ‘ವೆರಿ ಗುಡ್’ ಆಗಿರುವಲ್ಲಿ ‘ಗುಡ್’ ಎಂಬುದು ಅನುತ್ತೀರ್ಣ ಅಂಕವೇ ಸರಿ. ಆ ಷರಾವನ್ನು ಅವರಿಗೆ ತಿಳಿಸಿ, ಮನವಿಗೆ ಅವಕಾಶ ಕೊಡಬೇಕು. ದರ್ಜೆ ಮೇಲೇರಿ ಬಡ್ತಿಗೆ ಆಯ್ಕೆಯಾದರೆ ಶೇ 8ರ ಬಡ್ಡಿಯೊಡನೆ ಬಾಕಿ ಕೊಡಬೇಕು ಎಂದು ಆದೇಶವಾಯಿತು. ಪ್ರತಿಕೂಲವೋ ಅಲ್ಲವೋ, ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಬೇಕೆಂಬ ಈ ನಿಲುವನ್ನು 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು.

ಈ ಬೆಳವಣಿಗೆಯ ನಡುವೆಯೇ, 2009ರಲ್ಲಿ ಕೇಂದ್ರ ಸರ್ಕಾರ ಗೋಪ್ಯ ವರದಿಯನ್ನು ‘ಎಪಿಎಆರ್’ ಎಂಬ ಬಹಿರಂಗ ವರದಿಯಾಗಿಸಿತು. ಪೂರ್ತಿ ವರದಿಯ ಪ್ರತಿ ನೌಕರನಿಗೆ ಸಿಗುತ್ತದೆ, ಮನವಿಗೆ 15 ದಿನ ಸಮಯ. ಪದಗಳ ಜೊತೆ ಒಂದರಿಂದ ಹತ್ತರವರೆಗೆ ಅಂಕಗಳೂ ಬಂದವು: 8ರಿಂದ 10 ‘ಔಟ್‌ಸ್ಟ್ಯಾಂಡಿಂಗ್’, 6ರಿಂದ 8ರೊಳಗೆ ‘ವೆರಿ ಗುಡ್’, 4ರಿಂದ 6ರೊಳಗೆ ‘ಗುಡ್’. ಅಂಕ ಬಂದಮೇಲೆ ಪದದ ಅರ್ಥ ಹುಡುಕುವ ಕೆಲಸ ತಪ್ಪಬೇಕಿತ್ತು. ಆದರೆ ನೌಕರ ಓದುತ್ತಾನೆಂದು ಗೊತ್ತಾದರೆ ಬರೆಯುವ ಕೈ ಮೆದುವಾಗುವುದು ಸಹಜ. ಅಂಕಗಳು ಮೇಲಕ್ಕೆ ಸರಿದಾಗ 7 ಎಂಬುದು ಹೊಗಳಿಕೆಯಾಗಿ ಉಳಿಯುವುದಿಲ್ಲ. ಸುತ್ತಲಿನವರಿಗೆಲ್ಲ 9 ಬಿದ್ದ ಕಚೇರಿಯಲ್ಲಿ ಅದು ದೂರು.

ಸಾರ್ವಜನಿಕ ಉದ್ದಿಮೆಗಳಲ್ಲಿ, ಬೆಂಗಳೂರಿನ ಬಿಇಎಲ್‌ನಂಥ ಕೇಂದ್ರೋದ್ಯಮಗಳಲ್ಲೂ, ಸಮಸ್ಯೆ ಇನ್ನೊಂದು ರೂಪ ತಾಳಿತು. 2008ರ ವೇತನ ಪರಿಷ್ಕರಣೆಯ ಮಾರ್ಗಸೂಚಿ ಸಾಧನೆ ಆಧರಿತ ವೇತನಕ್ಕೆ ‘ಬೆಲ್ ಕರ್ವ್’ ಹೇರಿತು. ಅದರ ಪ್ರಕಾರ ‘ಔಟ್‌ಸ್ಟ್ಯಾಂಡಿಂಗ್’ ಶೇ 10–15ಕ್ಕಿಂತ ಹೆಚ್ಚಬಾರದು, ಶೇ 10ರಷ್ಟು ಜನ ಮಟ್ಟಕ್ಕಿಂತ ಕೆಳಗೆ ಇರಲೇಬೇಕು. ಈ ಕಡ್ಡಾಯದ ಕೆಳದರ್ಜೆಯನ್ನು 2017ರ ಮಾರ್ಗಸೂಚಿ ಕೈಬಿಟ್ಟಿತು.

ಖಾಸಗಿ ಸಾಫ್ಟ್‌ವೇರ್ ಉದ್ಯಮಕ್ಕೆ ಈ ಬೆಲ್ ಕರ್ವ್ ಅಮೆರಿಕದ ದಾರಿಯಿಂದ ಬಂತು. ಜಿಇ ಕಂಪನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ನೌಕರರನ್ನು ಶೇ 20, 70, 10ರ ಮೂರು ಗುಂಪುಗಳಾಗಿ ವಿಂಗಡಿಸುವ ಪದ್ಧತಿಯನ್ನು ಪ್ರಸಿದ್ಧಗೊಳಿಸಿದ್ದರು. ಮುಂದೆ ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡ್‌ವರೆಗೆ ಇದು ಮಾಮೂಲಾಯಿತು. ಸಿದ್ಧವಾಕ್ಯಗಳ ಓದು ಅತ್ಯಂತ ಸೂಕ್ಷ್ಮವಾಗುವುದು ಇಲ್ಲಿಯೇ, ಏಕೆಂದರೆ ಇಲ್ಲಿ ಮಾತು ಬರೆಯುವುದೂ ದರ್ಜೆ ನಿಗದಿಯಾಗುವುದೂ ಬೇರೆ ಬೇರೆ ಹೊತ್ತಿನಲ್ಲಿ.

ಒಂದು ಕಲ್ಪಿತ ತಂಡವನ್ನು ತೆಗೆದುಕೊಳ್ಳಬಹುದು. ಅದರಲ್ಲಿ 20 ಜನ, ಐದು ದರ್ಜೆಗಳು. ಕಂಪನಿಯ ಅಚ್ಚಿನ ಪ್ರಕಾರ ಮೇಲಿನ ದರ್ಜೆಗೆ 2, ಅದರ ಕೆಳಗೆ 4, ನಡುವಿನ ‘ಮೀಟ್ಸ್ ಎಕ್ಸ್‌ಪೆಕ್ಟೇಶನ್ಸ್’ಗೆ 11, ಅದರ ಕೆಳಗೆ 2, ತಳಕ್ಕೆ 1. ಮ್ಯಾನೇಜರ್ ಬರೆದು ಮುಗಿಸಿದಾಗ ಮೇಲಿನೆರಡು ದರ್ಜೆಗೆ ಎಂಟು ಜನ ಬಂದಿದ್ದಾರೆ. ಜಾಗ ಇರುವುದು ಆರೇ. ‘ನಾರ್ಮಲೈಸೇಶನ್’ ಸಭೆಯಲ್ಲಿ ಹಲವು ಮ್ಯಾನೇಜರುಗಳು ಕೂತು ಹೆಸರುಗಳನ್ನು ಎಳೆದಾಡುತ್ತಾರೆ, ಇಬ್ಬರು ನಡುವಿಗೆ ಇಳಿಯುತ್ತಾರೆ. ಆದರೆ ಅವರ ಬಗ್ಗೆ ಬರೆದ ಮೂರು ಪ್ಯಾರಾಗಳನ್ನು ಹೊಸದಾಗಿ ಬರೆಯುವ ವ್ಯವಧಾನ ಯಾರಿಗೂ ಇಲ್ಲ. ಇಳಿಕೆಯನ್ನು ಸಮರ್ಥಿಸಲು ಕೊನೆಯಲ್ಲಿ ಒಂದು ವಾಕ್ಯ ಸೇರುತ್ತದೆ: ‘ತಂಡದ ಹೊರಗೆ ವಿಸಿಬಿಲಿಟಿ ಹೆಚ್ಚಿಸಿಕೊಳ್ಳಬೇಕು’. ಓದುವವರು ಹಿಡಿಯಬೇಕಾದದ್ದು ಈ ಹೊಲಿಗೆಯನ್ನು. ಮೇಲಿನ ಪ್ಯಾರಾಗಳಲ್ಲಿ ಹೆಸರಿಸಿದ ಕೆಲಸಗಳು, ತಾರೀಖುಗಳು, ಗ್ರಾಹಕರ ಮೆಚ್ಚುಗೆ ಇದ್ದು, ಕೊನೆಯ ವಾಕ್ಯ ಮಾತ್ರ ಯಾರಿಗಾದರೂ ಅನ್ವಯಿಸುವಂತಿದ್ದರೆ, ಅದು ಮೇಲಿನ ದರ್ಜೆಯಿಂದ ತಳ್ಳಲ್ಪಟ್ಟ ‘ಮೀಟ್ಸ್’. ಇಡೀ ಬರಹವೇ ‘ಒಳ್ಳೆಯ ಟೀಮ್ ಪ್ಲೇಯರ್, ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುತ್ತಾರೆ’ ಎಂಬ ಧಾಟಿಯಲ್ಲಿದ್ದು ಒಂದು ಕೆಲಸದ ಹೆಸರೂ ಇರದಿದ್ದರೆ, ಅದು ಕೆಳಗಿನ ಅಂಚಿನಲ್ಲಿ ನಿಂತ ‘ಮೀಟ್ಸ್’ ಆಗಿರುವ ಸಂಭವ ಹೆಚ್ಚು. ಹನ್ನೊಂದು ಜನರಿಗೂ ಸಿಗುವ ಪದ ಒಂದೇ. ಮುಂದಿನ ವರ್ಷ ಈ ಎರಡು ಬಗೆಯವರು ಹೋಗುವ ದಿಕ್ಕು ಬೇರೆ ಬೇರೆ.

‘ರೂಮ್ ಟು ಗ್ರೋ’ ಎಂಬ ಮಾತಿಗೆ ತನ್ನದೇ ಬೆಲೆಯಿಲ್ಲ, ಅದರ ಜೊತೆ ಬರುವ ವಿಷಯ ಅದನ್ನು ನಿರ್ಧರಿಸುತ್ತದೆ. ಬೆಳೆಯಬೇಕಾದದ್ದು ಮುಂದಿನ ಹುದ್ದೆಯ ಕೆಲಸದಲ್ಲಾದರೆ, ಉದಾಹರಣೆಗೆ ಹಿರಿಯ ಎಂಜಿನಿಯರಿಗೆ ‘ವಿನ್ಯಾಸದ ಹೊಣೆ ಪೂರ್ತಿ ಹೊರುವುದರಲ್ಲಿ’ ಎಂದಿದ್ದರೆ, ಬಡ್ತಿಯ ಮಾತು ಎಲ್ಲೋ ನಡೆದಿದೆ ಎಂದರ್ಥ. ಈಗಿನ ಹುದ್ದೆಯ ಮೂಲ ಕೆಲಸದಲ್ಲೇ ಬೆಳೆಯಬೇಕೆಂದರೆ ದರ್ಜೆ ನಡುವಿಗಿಂತ ಕೆಳಗೆ. ‘ಮಾರ್ಗದರ್ಶನ ಇದ್ದಾಗ ಚೆನ್ನಾಗಿ ಮಾಡುತ್ತಾರೆ’ ಎಂಬುದೂ ಅದೇ ಜಾತಿಯದು. ಮಾರ್ಗದರ್ಶನ ಇಲ್ಲದಾಗ ಏನಾಗುತ್ತದೆಂದು ಅದು ಹೇಳದೆಯೇ ಹೇಳುತ್ತದೆ. ಬೆಳವಣಿಗೆಗೆ 60 ಅಥವಾ 90 ದಿನಗಳ ಗಡುವು, ಅಳೆಯಬಹುದಾದ ಗುರಿ, ವಾರಕ್ಕೊಂದು ಸಭೆ ಸೇರಿದರೆ ವಿಷಯ ಬೇರೆ. ಅದು ‘ಪಿಐಪಿ’ಯ ಮುನ್ನುಡಿ, ಅಂದರೆ ಸುಧಾರಣೆಯ ಹೆಸರಿನ ಆ ಪ್ರಕ್ರಿಯೆಗೆ ಬೇಕಾದ ದಾಖಲೆ.

ಪದಗಳಿಗಿಂತ ಮುಚ್ಚುಮರೆಯಿಲ್ಲದ ಸಾಕ್ಷಿ ಹಣ. ವೇರಿಯಬಲ್ ಪೇ ಎಷ್ಟು ಪಾಲು ಬಂತು, ಹೈಕ್ ಸರಾಸರಿಗಿಂತ ಮೇಲೋ ಕೆಳಗೋ ಎಂಬುದು ಸಾಮಾನ್ಯವಾಗಿ ಅಂತಿಮ ದರ್ಜೆಯಿಂದಲೇ ಲೆಕ್ಕವಾಗುತ್ತದೆ. ಮಾತು ಸಿಹಿಯಾಗಿದ್ದು ಪಾಲು ಕಡಿಮೆಯಾದರೆ ಪಾಲನ್ನೇ ನಂಬಬೇಕು. ಇಲ್ಲೊಂದು ಎಚ್ಚರಿಕೆ ಬೇಕು: ಕಂಪನಿಗೇ ಕೆಟ್ಟ ವರ್ಷವಾದರೆ ಎಲ್ಲರ ಪಾಲೂ ಇಳಿಯುತ್ತದೆ, ಆಗ ಹೋಲಿಸಬೇಕಾದದ್ದು ಅದೇ ಹುದ್ದೆಯ ಇತರರೊಂದಿಗೆ.

2012ರಿಂದಾಚೆಗೆ ದರ್ಜೆಗಳನ್ನೇ ತೆಗೆಯುವ ಅಲೆ ಬಂತು. ಅಡೋಬಿ ವಾರ್ಷಿಕ ರಿವ್ಯೂ ಕೈಬಿಟ್ಟಿತು, ಮೈಕ್ರೋಸಾಫ್ಟ್ 2013ರಲ್ಲಿ ಬೆಲ್ ಕರ್ವ್ ನಿಲ್ಲಿಸಿತು, ಬೆಂಗಳೂರಿನ ಇನ್ಫೋಸಿಸ್ 2015ರಲ್ಲಿ ಕಡ್ಡಾಯ ಶ್ರೇಣೀಕರಣದಿಂದ ಹೊರಬಂತು. ಇದರಿಂದ ಓದು ಸುಲಭವಾಗಲಿಲ್ಲ. ಹಂಚಬೇಕಾದ ಹಣ ಇದ್ದೇ ಇರುವುದರಿಂದ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಎಲ್ಲೋ ಒಂದು ಕಡೆ ನಿರ್ಧರಿಸಲೇಬೇಕು. ಅಂಕಿ ಕಣ್ಮರೆಯಾದ ಮೇಲೆ ಪೂರ್ತಿ ಭಾರ ಬಿದ್ದದ್ದು ಸಿದ್ಧವಾಕ್ಯಗಳ ಮೇಲೆ.

ಈ ಓದಿಗೆ ಮಿತಿಗಳೂ ಇವೆ. ಕೆಲವು ಮ್ಯಾನೇಜರುಗಳು ಯಾರ ಬಗ್ಗೆಯೂ ಮೊಗಮ್ಮಾಗಿಯೇ ಬರೆಯುತ್ತಾರೆ. ಅವರ ಹಿಂದಿನ ವರ್ಷದ ಬರಹವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ವರ್ಷದ್ದನ್ನು ತೂಗಲಾಗದು. ಮಹಿಳಾ ನೌಕರರ ಬಗ್ಗೆ ಬರೆಯುವಾಗ ಹೊಗಳಿಕೆ ಹೆಚ್ಚು ಅಸ್ಪಷ್ಟವಾಗಿರುತ್ತದೆ, ಸಾಧನೆಯ ಫಲಿತಾಂಶಕ್ಕೆ ಕೊಂಡಿ ಕಡಿಮೆಯಿರುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನ ಶೆಲ್ಲಿ ಕೊರೆಲ್ ಮತ್ತು ಕ್ಯಾರೊಲಿನ್ ಸಿಮಾರ್ ಅವರ ಅಧ್ಯಯನ ತೋರಿಸಿದೆ. ಆದ್ದರಿಂದ ಮೊಗಮ್ಮಾದ ಬರಹವೆಲ್ಲ ಕೆಳದರ್ಜೆಯ ಗುರುತೂ ಅಲ್ಲ.

ತಂದೆಗೂ ಮಗಳಿಗೂ ಇರುವ ನಿಜವಾದ ವ್ಯತ್ಯಾಸ ಓದಿದ ನಂತರದ್ದು. ದೇವ್ ದತ್ ತೀರ್ಪಿಗೆ ಆಧಾರ ಸಂವಿಧಾನದ 14ನೇ ವಿಧಿ. ಅದು ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಕಂಪನಿಯನ್ನಲ್ಲ. ಕರ್ನಾಟಕದ ಐಟಿ ಕಂಪನಿಗಳಿಗೆ ಹಿಂದಿನ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಇತ್ತು, 2024ರ ಜೂನ್‌ನಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಲಾಯಿತು. ವಿನಾಯಿತಿಗೆ ಪ್ರತಿಯಾಗಿ ಕಂಪನಿಗಳು ಕುಂದುಕೊರತೆ ಸಮಿತಿ ಇಟ್ಟಿರಬೇಕಿತ್ತು. ಅಮಾನತು, ಹಿಂಬಡ್ತಿ, ವಜಾದಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕಿತ್ತು. ಮೌಲ್ಯಮಾಪನದ ದರ್ಜೆಯನ್ನು ಈ ಷರತ್ತುಗಳು ಹೆಸರಿಸಿರಲಿಲ್ಲ. ಪಿಐಪಿ ಮುಗಿದ ಮೇಲೆ ನೌಕರ ತಾನಾಗಿ ಬರೆದುಕೊಟ್ಟಂತೆ ಕಾಣುವ ರಾಜೀನಾಮೆಯನ್ನೂ ಹೆಸರಿಸಿರಲಿಲ್ಲ.