ಗಿರಣಿಯ ದುಡ್ಡು ಯಾವ ಲೆಕ್ಕಕ್ಕೆ?

ಅಜ್ಜ ತೀರಿಕೊಂಡ ಮೇಲೆ ಪಾಲುಪಟ್ಟಿ ಬರೆಯಲು ಕೂತ ದಿನ ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ. “ಅಣ್ಣನಿಗೆ ಅಪ್ಪ ಗಿರಣಿ ಹಾಕಿಸಿಕೊಟ್ರಲ್ಲ, ಆ ದುಡ್ಡು ಯಾವ ಲೆಕ್ಕಕ್ಕೆ?” ದೊಡ್ಡಪ್ಪ ತಕ್ಷಣ, “ನಿನ್ನ ಮದುವೆ ಖರ್ಚು ಯಾವ ಲೆಕ್ಕಕ್ಕೆ?” ಅಂದ್ರು. ವಕೀಲರು ಪೆನ್ನು ಕೆಳಗಿಟ್ಟು ಕಾಫಿ ಕೇಳಿದರು.

ಈ ಎರಡು ಪ್ರಶ್ನೆಗಳಿಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಅನ್ನೋದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಪ್ರಾಚೀನ ರೋಮಿನಲ್ಲಿ ಅಪ್ಪನ ಅಧೀನದಲ್ಲಿದ್ದ ಮಗ ದುಡಿದದ್ದೆಲ್ಲ ಅಪ್ಪನದೇ. ಬಿಡುಗಡೆ ಪಡೆದು ಹೊರಗೆ ಹೋದ ಮಗ ಮಾತ್ರ ತನ್ನ ದುಡಿಮೆ ತಾನೇ ಇಟ್ಟುಕೊಳ್ಳಬಹುದಿತ್ತು. ಅಪ್ಪ ಸತ್ತಾಗ ಹೊರಗಿನವನೂ ಪಾಲು ಕೇಳಿಕೊಂಡು ಬಂದರೆ? ಪ್ರೀಟರ್ ಎಂಬ ನ್ಯಾಯಾಧಿಕಾರಿ, ಪಾಲು ಬೇಕಾದರೆ ನಿನ್ನದನ್ನೂ ತಂದು ಸೇರಿಸು ಅಂದ. ಆಮೇಲೆ ಮಗಳ ವರದಕ್ಷಿಣೆಯೂ ಈ ಲೆಕ್ಕಕ್ಕೆ ಬಂತು. ಅಂದರೆ ದೊಡ್ಡಪ್ಪನ ವಾದಕ್ಕೂ ರೋಮಿನಲ್ಲಿ ಜಾಗವಿತ್ತು.

ಇಂಗ್ಲೆಂಡಿನಲ್ಲಿ ಇದಕ್ಕೆ ಬಂದ ಹೆಸರು ‘ಹಾಚ್‌ಪಾಟ್’. ಹದಿನೈದನೇ ಶತಮಾನದ ನ್ಯಾಯಶಾಸ್ತ್ರಜ್ಞ ಲಿಟಲ್ಟನ್ ಅದನ್ನು ಹಲವು ಪದಾರ್ಥ ಸೇರಿಸಿ ಮಾಡುವ ಪುಡಿಂಗಿಗೆ ಹೋಲಿಸಿದ್ದಾನೆ. ನಮ್ಮಲ್ಲಿ ಕಲಸುಮೇಲೋಗರ ಅಂದರೆ ಗೊಂದಲ, ಅಲ್ಲಿ ಅದೇ ನ್ಯಾಯ! 1670ರ ಕಾಯ್ದೆ ಉಯಿಲು ಬರೆಯದೆ ಸತ್ತವರ ಚರಾಸ್ತಿ ಹಂಚಿಕೆಗೆ ಈ ನಿಯಮ ತಂದಿತು. ಆದರೆ ಅದರಲ್ಲೂ ಹಿರಿಮಗನಿಗೆ ಒಂದು ರಿಯಾಯಿತಿ: ವಾರಸುದಾರನಾಗಿ ಅವನಿಗೆ ಬಂದ ಜಮೀನನ್ನು ಲೆಕ್ಕಕ್ಕೆ ತರಬೇಕಿರಲಿಲ್ಲ.

ಲೆಕ್ಕ ಹೀಗೆ. ಅಪ್ಪ ಬಿಟ್ಟುಹೋದದ್ದು 60 ಲಕ್ಷ, ಮಕ್ಕಳು ಮೂವರು, ಹಿರಿಯವನಿಗೆ ಮೊದಲೇ ಕೊಟ್ಟದ್ದು 30 ಲಕ್ಷ ಅಂದುಕೊಳ್ಳಿ. ಎರಡನ್ನೂ ಕೂಡಿಸಿದರೆ 90, ತಲೆಗೆ 30. ಹಿರಿಯವನಿಗೆ ಅದು ಆಗಲೇ ಸಂದಿದೆ, ಉಳಿದಿಬ್ಬರಿಗೆ 30-30. ಅವನಿಗೆ ಮೊದಲು ಸಿಕ್ಕಿದ್ದು 45 ಆಗಿದ್ದರೆ? ಒಟ್ಟು 105, ತಲೆಗೆ 35. ಅವನ ಹತ್ತಿರ ಹತ್ತು ಲಕ್ಷ ಹೆಚ್ಚಿದೆ. ಆದರೆ ಅದನ್ನು ವಾಪಸು ಕೊಡಬೇಕಿಲ್ಲ. ಅವನು ಪಂಕ್ತಿಯಿಂದ ಎದ್ದು ಹೋಗುತ್ತಾನೆ, ಉಳಿದಿಬ್ಬರು ಇರುವ 60ನ್ನೇ ಹಂಚಿಕೊಳ್ಳುತ್ತಾರೆ. ಇದು ಕೊಟ್ಟದ್ದನ್ನು ಕಿತ್ತುಕೊಳ್ಳುವ ನಿಯಮವಲ್ಲ, ಮತ್ತೆ ಬಡಿಸುವಾಗ ತಟ್ಟೆ ನೋಡುವ ನಿಯಮ.

ನಿಜವಾದ ಜಗಳ ಇರುವುದು ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬಲ್ಲಿ. 1875ರಲ್ಲಿ ಟೇಲರ್ ಎಂಬ ಕುಟುಂಬದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜೆಸೆಲ್ ಒಂದೊಂದೇ ಬಾಬತ್ತು ಎತ್ತಿ ಬೇರ್ಪಡಿಸಿದರು. ಮಗನನ್ನು ಬ್ಯಾರಿಸ್ಟರ್ ಮಾಡಲು ಕಟ್ಟಿದ ಪ್ರವೇಶ ಶುಲ್ಕ, ಸೈನ್ಯದಲ್ಲಿ ಅಧಿಕಾರಿ ಹುದ್ದೆ ಕೊಳ್ಳಲು ಕೊಟ್ಟ ಹಣ, ವ್ಯಾಪಾರಕ್ಕೆ ಕೊಡಿಸಿದ ಯಂತ್ರ ಇವೆಲ್ಲ ಬದುಕಿಗೆ ನೆಲೆ ಮಾಡಿಕೊಟ್ಟ ಬಾಬತ್ತು, ಲೆಕ್ಕಕ್ಕೆ ಸೇರಬೇಕು. ಅಧಿಕಾರಿ ಮಗನ ಸಾಲ ತೀರಿಸಿದ್ದು, ಅವನೂ ಹೆಂಡತಿಯೂ ರೆಜಿಮೆಂಟಿನ ಜೊತೆ ಇಂಡಿಯಾಕ್ಕೆ ಹೋಗಲು ಹಡಗಿನ ಖರ್ಚು ಕೊಟ್ಟದ್ದು, ಪಾದ್ರಿ ಮಗನ ಮನೆಖರ್ಚಿಗೆ ನೆರವಾದದ್ದು ಸೇರಬೇಕಿಲ್ಲ. ಅಪ್ಪ ಎಷ್ಟು ಕೊಟ್ಟ ಎನ್ನುವುದಕ್ಕಿಂತ ಯಾಕೆ ಕೊಟ್ಟ ಎನ್ನುವುದು ಮುಖ್ಯವಾಯಿತು. ಈ ತಕ್ಕಡಿಯಲ್ಲಿಟ್ಟರೆ ನಮ್ಮ ದೊಡ್ಡಪ್ಪನ ಗಿರಣಿ ಖಂಡಿತ ಒಳಗೆ ಬರುತ್ತದೆ.

ಯಾವಾಗಿನ ಬೆಲೆ ಹಿಡಿಯಬೇಕು ಎನ್ನುವುದು ಇನ್ನೊಂದು ತಲೆನೋವು. 1925ರ ಇಂಗ್ಲಿಷ್ ಕಾಯ್ದೆ ತಂದೆ ಸತ್ತ ದಿನದ ಬೆಲೆ ಎಂದಿತು. ಹಾಗಾದರೆ ಸೈಟು ಪಡೆದವನ ಲೆಕ್ಕ ಏರುತ್ತದೆ, ಅಷ್ಟೇ ನಗದು ಪಡೆದವನದು ಇದ್ದಲ್ಲೇ ಇರುತ್ತದೆ. ಹಳೇ ರಸೀತಿಗಳನ್ನು ಹುಡುಕಿ, ಸತ್ತವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಸಾಕಾಗಿ, ಇಂಗ್ಲೆಂಡ್ 1995ರ ಕಾಯ್ದೆಯಿಂದ ಈ ಪದ್ಧತಿಯನ್ನೇ ಕೈಬಿಟ್ಟಿತು. ಉಯಿಲಿನಲ್ಲಿ ಬರೆದಿಟ್ಟರೆ ಮಾತು ಬೇರೆ.

ತಮಾಷೆ ಏನೆಂದರೆ, ಅದೇ ಇಂಗ್ಲಿಷರು ತಮ್ಮ ದೇಶದಲ್ಲಿ ಇದನ್ನು ನಡೆಸುತ್ತಲೇ ನಮ್ಮಲ್ಲಿ 1865ರಲ್ಲೇ ಬೇಡ ಅಂದಿದ್ದರು. ಆ ನಿಯಮ ಈಗ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 49ನೇ ಕಲಂ. ಅದು ಅನ್ವಯವಾಗುವ ಕ್ರೈಸ್ತ ಕುಟುಂಬಗಳಲ್ಲಿ, ಉಯಿಲಿಲ್ಲದಿದ್ದರೆ, ತಂದೆ ಜೀವಂತವಿದ್ದಾಗ ಮಗುವಿಗೆ ಕೊಟ್ಟದ್ದನ್ನು ಪಾಲು ಲೆಕ್ಕ ಹಾಕುವಾಗ ಪರಿಗಣಿಸುವಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಕೂಡಿಸಿ ಕಳೆಯಿರಿ ಎನ್ನುವ ಕಲಮೇ ಇಲ್ಲ. ಅವಿಭಕ್ತ ಕುಟುಂಬದ ವಿಭಾಗದಲ್ಲೂ, ಮೋಸ ನಡೆದಿರದಿದ್ದರೆ, ಆ ದಿನ ಇರುವ ಆಸ್ತಿಯನ್ನೇ ಹಂಚುವುದು ಸಾಮಾನ್ಯ ನಿಯಮ. ಯಾರ ಓದಿಗೆಷ್ಟು, ಯಾರ ಮದುವೆಗೆಷ್ಟು ಎಂದು ಹಳೇ ಕಡತ ಬಿಚ್ಚುವ ಹಾಗಿಲ್ಲ.

ನಮ್ಮ ವಕೀಲರೂ ಕಾಫಿ ಕುಡಿದು ಹೇಳಿದ್ದು ಅಷ್ಟೇ. “ಅಜ್ಜ ಉಯಿಲಿನಲ್ಲಿ ಒಂದು ಸಾಲು ಬರೆದಿದ್ದರೆ ಆಗ್ತಿತ್ತು. ಈಗ ಕಾನೂನು ಕೇಳಲ್ಲ. ನೀವು ನೀವೇ ಒಪ್ಪಿದರೆ ಹೇಗೆ ಬೇಕಾದರೂ ಬರೀತೀನಿ.” ಸಂಜೆಯ ತನಕ ಯಾರೂ ಹೆಚ್ಚು ಮಾತಾಡಲಿಲ್ಲ. ಕೊನೆಗೆ ದೊಡ್ಡಪ್ಪ ಮಳೆಯಾಶ್ರಿತ ಹೊಲ ತಮಗಿರಲಿ ಅಂದರು, ಕಾಲುವೆ ಪಕ್ಕದ ಗದ್ದೆ ಅತ್ತೆಯ ಹೆಸರಿಗೆ ಹೋಯಿತು. ನೋಂದಣಿಯಾದ ಆ ಪತ್ರದ ನಕಲು ನನ್ನ ಹತ್ತಿರ ಇದೆ. ಗಿರಣಿಯ ಮಾತು ಅದರಲ್ಲಿ ಎಲ್ಲೂ ಇಲ್ಲ.