ಬುಕಾನನ್ ಕೇಳಿದ್ದು, ರೈತ ಹೇಳಿದ್ದು

ಈ ಸಲ ಎಷ್ಟು ಮೂಟೆ ರಾಗಿ ಆಯ್ತು ಅಂತ ಕಚೇರಿಯವರು ಯಾರಾದರೂ ಕೇಳಿದರೆ ನಮ್ಮಪ್ಪ ಎರಡು ಮೂಟೆ ಕಮ್ಮಿ ಮಾಡಿಯೇ ಹೇಳೋರು. ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಕಥನ ಓದುವಾಗ ನನಗೆ ಅಪ್ಪನೇ ನೆನಪಾದರು.

ಟಿಪ್ಪು ಸತ್ತ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಈ ಸ್ಕಾಟ್ಲೆಂಡಿನ ಡಾಕ್ಟರು ಮದರಾಸಿನಿಂದ ಹೊರಟ. ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಬೇಸಾಯ, ಕಸುಬು, ವ್ಯಾಪಾರ ಎಲ್ಲ ವಿಚಾರಿಸಿ ಬರೆಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶವಿತ್ತು. ಅವನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು.

ಶ್ರೀರಂಗಪಟ್ಟಣದ ಸುತ್ತಿನ ರಾಗಿಯನ್ನೇ ನೋಡಿ. ಕರಿ, ಕೆಂಪು ಅಂತ ತಳಿಗಳ ಹೆಸರು, ಉಳುಮೆಯ ಕ್ರಮ, ಬಿತ್ತುವ ಬೀಜ, ಬರುವ ಫಸಲು, ಎಲ್ಲ ಬರೆದಿದ್ದಾನೆ. ಆದರೆ ಅವನಿಗೆ ಕನ್ನಡ ಬರುತ್ತಿರಲಿಲ್ಲ. ಫಸಲಿನ ಲೆಕ್ಕ ಬಹುಪಾಲು ದುಭಾಷಿಯ ಮೂಲಕ ಕೇಳಿ ಬರೆದದ್ದು. ಕೇಳುವವನ ಬೆನ್ನಿಗೆ ಕಂದಾಯ ಇರುತ್ತೆ ಅಂತ ರೈತನಿಗೆ ಗೊತ್ತಿರಲ್ವಾ? ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ತಾಳೆಯಾಗದಾಗ, ಈ ಜನರ ಮಾತು ನಂಬುವಂತಿಲ್ಲ ಎಂಬ ಧಾಟಿಯಲ್ಲಿ ಬುಕಾನನ್ ಬೇಸರಪಡುತ್ತಾನೆ. ನನಗೆ ಅಲ್ಲಿ ರೈತನಿಗಿಂತ ಅವನೇ ಹೆಚ್ಚು ಕಾಣುತ್ತಾನೆ. ತಾನು ಸರ್ಕಾರದವನಾಗಿ ಎದುರು ನಿಂತಿದ್ದರಿಂದಲೇ ಉತ್ತರ ಬದಲಾಗಿರಬಹುದು ಅಂತ ಅವನಿಗೆ ಹೊಳೆಯುವುದಿಲ್ಲ.

ಹಾಗಂತ ಪುಸ್ತಕ ಬಿಸಾಕೋಕಾಗಲ್ಲ. ತಳಿಯ ಹೆಸರು, ಉಳುಮೆ ಇವನ್ನು ಬಚ್ಚಿಡಲು ಯಾರಿಗೂ ಕಾರಣವಿರಲಿಲ್ಲ, ಅವನ್ನು ನಂಬುತ್ತೇನೆ. ಫಸಲಿನ ಅಂಕಿ ಬಂದಾಗ ಮಾತ್ರ ಅಪ್ಪನ ಎರಡು ಮೂಟೆ ಸೇರಿಸಿಕೊಂಡು ಓದುತ್ತೇನೆ.